ಸರಕಿಗೆ ಒಂದೇ ಹೆಸರು: ಅಂಗಡಿ ಸಿಬ್ಬಂದಿಗೊಂದು ಸೂಚನಾ ಪತ್ರ

ಸೊರಟೂರಿನ ಒಂದು ಕಿರಾಣಿ ಅಂಗಡಿಯಲ್ಲಿ 50 ಕಿ.ಗ್ರಾಂ. ಮೆಣಸಿನಕಾಯಿ ಖರೀದಿಯಾಗಿ, ಗುಮಾಸ್ತರು ಅದನ್ನು 'ಬ್ಯಾಡಗಿ ಮೆಣಸಿನಕಾಯಿ' ಎಂದು ದಾಖಲಿಸಿದರೆಂದು ಭಾವಿಸೋಣ. ಮಾರಾಟದ ಬಿಲ್ಲಿನಲ್ಲಿ ಇನ್ನೊಬ್ಬರು 'ಕಡ್ಡಿ ಕಾಯಿ' ಎಂದು ಬರೆದು 18 ಕಿ.ಗ್ರಾಂ. ಮಾರಿದರು. ದಾಸ್ತಾನು ಪಟ್ಟಿ ಒಂದು ಹೆಸರಿನಲ್ಲಿ 50, ಇನ್ನೊಂದರಲ್ಲಿ ಋಣ 18 ತೋರಿಸುತ್ತದೆ, ಚೀಲದಲ್ಲಿರುವುದು 32. ಋಣ ಅಂಕಿ ಕಂಡೊಡನೆ ಮೊದಲು ಸಂಶಯಿಸಬೇಕಾದುದು ಹೆಸರನ್ನು, ಕಳವನ್ನಲ್ಲ.

ಆದುದರಿಂದ ಸಿಬ್ಬಂದಿಗೆ ಒಂದೇ ಕ್ರಮವನ್ನು ಬರೆದು ಕೊಡಿರಿ: ವಸ್ತು, ತಳಿ, ರೂಪ, ತೂಕ. 'ಮೆಣಸಿನಕಾಯಿ, ಬ್ಯಾಡಗಿ ಕಡ್ಡಿ, ಇಡಿ, 1 ಕಿ.ಗ್ರಾಂ.' ಎಂಬುದು ಮಾದರಿ. ವಸ್ತುವಿನ ಹೆಸರು ಮೊದಲಿದ್ದರೆ ಗಣಕದ ಅಕಾರಾದಿ ಪಟ್ಟಿಯಲ್ಲಿ ಎಲ್ಲ ಮೆಣಸಿನಕಾಯಿಗಳೂ ಒಟ್ಟಿಗೆ ಬರುತ್ತವೆ. ಪುಡಿಗೆ ಪ್ರತ್ಯೇಕ ಹೆಸರಿರಲಿ, ಜಿ.ಎಸ್.ಟಿ. ಬಿಲ್ಲಿನ ಎಚ್.ಎಸ್.ಎನ್. ಸಂಕೇತವೂ ಬೇರೆ: ಇಡಿ ಕಾಯಿಗೆ 0904 21, ಪುಡಿಗೆ 0904 22.

'ಹೊಸ ಮಾಲು', 'ಉತ್ತಮ' ಎಂಬುವು ಹೆಸರಿನಲ್ಲಿ ಬೇಡ. ಈ ವರ್ಷದ ಹೊಸದು ಮುಂದಿನ ವರ್ಷ ಹಳೆಯದಾದರೂ ಪಟ್ಟಿಯಲ್ಲಿ ಹೊಸದಾಗಿಯೇ ಉಳಿಯುತ್ತದೆ. ಹಂಗಾಮು, ತೊಟ್ಟು, ಬಣ್ಣಗಳನ್ನು ವಿವರಣೆಯ ಸಾಲಿನಲ್ಲಿ ಬರೆಯಲಿ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ನೋಂದಣಿ ದೊರೆತಿದೆ. ಗುಂಟೂರು ಕಾಯಿಗೆ ಆ ಹೆಸರು ಬರೆಯುವುದು ಗುಮಾಸ್ತರ ಕೈತಪ್ಪಾದರೂ ಹೊಣೆ ಮಾಲೀಕರದೇ.

ಹಳೆಯ ತಪ್ಪು ಹೆಸರನ್ನು ಅಳಿಸಬೇಡಿರಿ. ಸರಕನ್ನು ತೂಗಿ ನೋಡಿ, ಶಿಲ್ಕನ್ನು ಸರಿಯಾದ ಹೆಸರಿಗೆ ವರ್ಗಾಯಿಸಿ, ಬಳಿಕ ಅದನ್ನು ಮುಚ್ಚಿರಿ.