ತಪ್ಪು ಸಾಲಿನಿಂದ ಬರುವ ಉತ್ತರ

ಎಕ್ಸೆಲ್‌ನ VLOOKUP ಫಾರ್ಮುಲಾ ಎರಡು ರೀತಿಯಲ್ಲಿ ಹುಡುಕುತ್ತದೆ. ಕೊನೆಯಲ್ಲಿ FALSE ಎಂದು ಬರೆದರೆ ಕೊಟ್ಟ ಬೆಲೆಯನ್ನೇ ಹುಡುಕುತ್ತದೆ. ಸಿಗದಿದ್ದರೆ #N/A ತೋರಿಸುತ್ತದೆ. TRUE ಎಂದು ಬರೆದರೆ, ಅಥವಾ ಏನೂ ಬರೆಯದೆ ಬಿಟ್ಟರೆ, ಕೊಟ್ಟ ಬೆಲೆಗೆ ಸಮನಾದ ಇಲ್ಲವೇ ಅದಕ್ಕಿಂತ ಕಡಿಮೆಯವುಗಳಲ್ಲಿ ದೊಡ್ಡದಾದ ಸಾಲನ್ನು ಆರಿಸುತ್ತದೆ. ಗ್ರಾಹಕರ ಸಂಖ್ಯೆ, ಸರಕಿನ ಕೋಡ್‌ಗಳಂಥವಕ್ಕೆ ಈ ಎರಡನೆಯ ರೀತಿ ಸಲ್ಲದು. ಆದರೆ ರಿಯಾಯಿತಿ, ತೆರಿಗೆ, ದರ್ಜೆ ಮುಂತಾಗಿ ಸ್ಲ್ಯಾಬ್ ಪ್ರಕಾರ ನಡೆಯುವ ಲೆಕ್ಕಗಳಿಗೆ ಬೇಕಾದದ್ದು ಅದೇ.

ಒಂದು ಸಗಟು ಅಂಗಡಿಯ ರಿಯಾಯಿತಿ ಪಟ್ಟಿಯನ್ನು ತೆಗೆದುಕೊಳ್ಳೋಣ. H ಕಾಲಂನಲ್ಲಿ ಪ್ರತಿ ಸ್ಲ್ಯಾಬ್ ಶುರುವಾಗುವ ಮೊತ್ತವಿದೆ: 0, 1000, 5000, 10000, 25000, 50000. I ಕಾಲಂನಲ್ಲಿ ಅವಕ್ಕೆ ಕ್ರಮವಾಗಿ ಶೇ. 0, 2, 5, 7, 9, 12 ರಿಯಾಯಿತಿ. ಸ್ವಲ್ಪ ದಿನ ಕಳೆದ ಮೇಲೆ 2000ಕ್ಕೆ ಶೇ. 3 ಎಂಬ ಹೊಸ ಸ್ಲ್ಯಾಬ್ ಬಂತು. ಯಾರೋ ಅದನ್ನು ಪಟ್ಟಿಯ ಕೊನೆಗೆ ಸೇರಿಸಿದರು. D2ರಲ್ಲಿ ಬಿಲ್ ಮೊತ್ತ, ಪಕ್ಕದಲ್ಲಿ ಈ ಫಾರ್ಮುಲಾ:

```
=VLOOKUP(D2,$H$2:$I$8,2,TRUE)
```

ಈಗ 30000 ರೂಪಾಯಿಯ ಬಿಲ್‌ಗೆ ಶೇ. 9 ಬರುತ್ತದೆ, ಅದು ಸರಿ. 3000ದ ಬಿಲ್‌ಗೆ ಶೇ. 3ರ ಬದಲು 2 ಬರುತ್ತದೆ. 60000ದ ಬಿಲ್‌ಗೆ ಶೇ. 12ರ ಬದಲು 3. ಅತಿ ಹೆಚ್ಚು ಕೊಂಡ ಗ್ರಾಹಕನಿಗೇ ಅತಿ ಹೆಚ್ಚು ನಷ್ಟ. ಎಲ್ಲಿಯೂ ದೋಷದ ಸೂಚನೆ ಇಲ್ಲ, ಮಧ್ಯದ ಬಿಲ್‌ಗಳು ಸರಿಯಾಗಿವೆ. ಅಲ್ಲೊಂದು ಇಲ್ಲೊಂದು ಬಿಲ್ ನೋಡಿದವರಿಗೆ ತಪ್ಪು ಕಾಣದೆ ಹೋಗುವುದು ಸಹಜ.

ಕಾರಣ ಹುಡುಕುವ ಕ್ರಮದಲ್ಲಿದೆ. ಫಾರ್ಮುಲಾ ಮೇಲಿನಿಂದ ಒಂದೊಂದೇ ಸಾಲು ನೋಡುವುದಿಲ್ಲ. ಪಟ್ಟಿ ಏರಿಕೆ ಕ್ರಮದಲ್ಲಿದೆ ಎಂದು ನಂಬಿ ನೇರ ನಡುವಿನ ಸಾಲಿಗೆ ಹೋಗುತ್ತದೆ, ಅರ್ಧ ಪಟ್ಟಿಯನ್ನು ಕೈಬಿಡುತ್ತದೆ, ಉಳಿದರ್ಧದ ನಡುವಿಗೆ ಹೋಗುತ್ತದೆ. 60000ಕ್ಕೆ ಅದು ಮೊದಲು ನಾಲ್ಕನೆಯ ಸಾಲಿನ 10000 ನೋಡಿ ಕೆಳಗಿಳಿಯುತ್ತದೆ, ಆರನೆಯ ಸಾಲಿನ 50000 ನೋಡಿ ಮತ್ತೂ ಕೆಳಗಿಳಿಯುತ್ತದೆ, ಏಳನೆಯದರಲ್ಲಿ 2000 ಸಿಗುತ್ತದೆ. ಅದೂ 60000ಕ್ಕಿಂತ ಕಡಿಮೆಯೇ, ಹಾಗಾಗಿ ಅಲ್ಲೇ ನಿಲ್ಲುತ್ತದೆ. 3000ಕ್ಕಾದರೋ 10000 ನೋಡಿದ ಕೂಡಲೇ ಕೆಳಗಿನ ಅರ್ಧ ಬಿಟ್ಟುಹೋಗುತ್ತದೆ. ಹೊಸ ಸಾಲು ಇರುವುದು ಅಲ್ಲಿಯೇ.

ಪರಿಶೀಲನೆಗೆ ಒಳ್ಳೆಯ ದಾರಿ, ರಿಯಾಯಿತಿಯನ್ನು ಬಿಟ್ಟು ಫಾರ್ಮುಲಾ ಯಾವ ಸಾಲಿಗೆ ಹೋಯಿತು ಎಂದೇ ಕೇಳುವುದು. ಅದಕ್ಕೆ ಕಾಲಂ ಸಂಖ್ಯೆ 2ನ್ನು 1 ಮಾಡಿದರೆ ಸಾಕು. ಅದರ ಪಕ್ಕದಲ್ಲಿ, ಸಾಲುಗಳ ಕ್ರಮವನ್ನು ಲೆಕ್ಕಿಸದೆ ಸರಿಯಾದ ಸ್ಲ್ಯಾಬ್ ಹೇಳುವ ಇನ್ನೊಂದು ಫಾರ್ಮುಲಾ ಇಡಬೇಕು:

```
=VLOOKUP(D2,$H$2:$I$8,1,TRUE)
=MAXIFS($H$2:$H$8,$H$2:$H$8,"<="&D2)
```

60000ಕ್ಕೆ ಮೊದಲನೆಯದು 2000 ಎನ್ನುತ್ತದೆ, ಎರಡನೆಯದು 50000. ಎರಡನ್ನೂ ಎಲ್ಲ ಬಿಲ್‌ಗಳಿಗೂ ಎಳೆದರೆ ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲೆಲ್ಲ ತಪ್ಪು ರಿಯಾಯಿತಿ ಹೋಗಿದೆ ಎಂದರ್ಥ. MAXIFS ಎಕ್ಸೆಲ್ 2019ರಿಂದ ಈಚೆಗೆ ಸಿಗುತ್ತದೆ. ಅದಿಲ್ಲದ ಕಡೆ J3ರಲ್ಲಿ =H3>H2 ಎಂದು ಬರೆದು J8ರವರೆಗೆ ಎಳೆದರೂ ಕ್ರಮ ತಪ್ಪಿದ ಜಾಗದಲ್ಲಿ FALSE ಕಾಣಿಸುತ್ತದೆ.

ಕ್ರಮ ಸರಿಯಿದ್ದೂ ಉತ್ತರ ತಪ್ಪಿದರೆ ಸಂಖ್ಯೆಗಳನ್ನೇ ಅನುಮಾನಿಸಬೇಕು. ಬೇರೆ ಕಡೆಯಿಂದ ನಕಲಿಸಿ ತಂದ 5000 ಪಠ್ಯವಾಗಿ ಕುಳಿತಿದ್ದರೆ ಹುಡುಕಾಟಕ್ಕೆ ಆ ಸ್ಲ್ಯಾಬ್ ಇಲ್ಲದಂತೆಯೇ. 6000ದ ಬಿಲ್ ಅದರ ಕೆಳಗಿನ ಸ್ಲ್ಯಾಬ್‌ಗೆ ಇಳಿಯುತ್ತದೆ. =COUNT(H2:H8) ಎಂದು ಬರೆದಾಗ 7ಕ್ಕಿಂತ ಕಡಿಮೆ ಬಂದರೆ ಅಂಥದ್ದೊಂದು ಇದೆ ಎಂದು ತಿಳಿಯುತ್ತದೆ. ಗಡಿಯ ಮೊತ್ತಗಳಲ್ಲಿ ಮಾತ್ರ ತಪ್ಪಾಗುತ್ತಿದ್ದರೆ ದಶಮಾಂಶ ನೋಡಬೇಕು: ಪರದೆಯ ಮೇಲೆ 5000 ಎಂದು ಕಾಣುವ ಬಿಲ್ ಒಳಗೆ 4999.998 ಆಗಿರಬಹುದು. ಹುಡುಕುವ ಮೊತ್ತವನ್ನು ROUND(D2,2) ಎಂದು ಬರೆದರೆ ಅದು ಸರಿಹೋಗುತ್ತದೆ. ಫಾರ್ಮುಲಾದಲ್ಲಿ $ ಗುರುತು ಬಿಟ್ಟುಹೋಗಿದ್ದರೆ ಕೆಳಗೆ ಎಳೆದಂತೆಲ್ಲ ಪಟ್ಟಿಯೂ ಕೆಳಗೆ ಜಾರಿ, ಮೇಲಿನ ಸ್ಲ್ಯಾಬ್‌ಗಳು ಒಂದೊಂದಾಗಿ ತಪ್ಪಿಹೋಗುತ್ತವೆ. ಆಗ ಸಣ್ಣ ಬಿಲ್‌ಗಳಲ್ಲಿ #N/A ಕಾಣತೊಡಗುತ್ತದೆ.

ಸರಿಪಡಿಸಲು H ಮತ್ತು I ಎರಡೂ ಕಾಲಂಗಳನ್ನು ಒಟ್ಟಿಗೆ ಆಯ್ದು H ಪ್ರಕಾರ ಏರಿಕೆ ಕ್ರಮಕ್ಕೆ ತರಬೇಕು. H ಒಂದನ್ನೇ ಆಯ್ದು ಜೋಡಿಸಿದರೆ ಮೊತ್ತ ಒಂದು ಕಡೆ, ರಿಯಾಯಿತಿ ಇನ್ನೊಂದು ಕಡೆಯಾಗಿ ಮೊದಲಿಗಿಂತ ಕೆಟ್ಟ ಸ್ಥಿತಿಯಾಗುತ್ತದೆ. ಪಟ್ಟಿಗೆ ಮತ್ತೆ ಮತ್ತೆ ಸಾಲು ಸೇರುವಂತಿದ್ದರೆ, ಎಕ್ಸೆಲ್ 2021 ಅಥವಾ 365 ಇರುವಲ್ಲಿ XLOOKUP ಬಳಸುವುದೇ ಲೇಸು:

```
=XLOOKUP(D2,$H$2:$H$8,$I$2:$I$8,"ಸಿಗಲಿಲ್ಲ",-1)
```

ಕೊನೆಯ -1 ಎಂದರೆ ಸಮನಾದದ್ದು ಸಿಗದಿದ್ದರೆ ಅದಕ್ಕಿಂತ ಕೆಳಗಿನದು ಎಂದು. ಇದಕ್ಕೆ ಸಾಲುಗಳು ಕ್ರಮವಾಗಿ ಇರಬೇಕಿಲ್ಲ. ಆದರೆ ಪಠ್ಯವಾಗಿ ಕುಳಿತ ಸಂಖ್ಯೆಯನ್ನು ಇದೂ ಸಂಖ್ಯೆಯೆಂದು ಎಣಿಸುವುದಿಲ್ಲ.