ಮಂಡಿಯ ಕೆಳಗಿನ ನೋಯುವ ಗಂಟು

ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಮೂಳೆಯ ಮೇಲೆ ಏಳುವ ನೋವಿನ ಗಂಟಿಗೆ ವೈದ್ಯರು ಆಸ್ಗುಡ್-ಶ್ಲಾಟರ್ ಎನ್ನುತ್ತಾರೆ. 1903ರಲ್ಲಿ ಇದನ್ನು ಪ್ರತ್ಯೇಕವಾಗಿ ವಿವರಿಸಿದ ಇಬ್ಬರು ವೈದ್ಯರ ಹೆಸರದು.

ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ದಾಟಿ ಬಂದು ಇದೇ ಜಾಗವನ್ನು ಹಿಡಿದುಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇಲ್ಲಿನ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎತ್ತರ ಬೇಗ ಏರಿದಾಗ ಸ್ನಾಯು ಬಿಗಿಯಾಗುತ್ತದೆ. ಪ್ರತಿ ಜಿಗಿತವೂ ಆ ಮೆದು ಭಾಗವನ್ನು ಎಳೆಯುತ್ತದೆ.

13 ವರ್ಷದ ವಾಲಿಬಾಲ್ ಹುಡುಗನೊಬ್ಬನಿಗೆ ಸ್ಮ್ಯಾಶ್‌ಗೆ ಹಾರುವಾಗ, ಮಂಡಿಯೂರುವಾಗ ನೋವು ಎಂದಿಟ್ಟುಕೊಳ್ಳೋಣ. ಅವನು ಆಟವನ್ನೇ ಬಿಡಬೇಕಿಲ್ಲ, ಮನೆಯವರು ಬಿಡು ಎನ್ನುವುದೇ ಹೆಚ್ಚಾದರೂ. ಕೆಲವು ವಾರ ಹಾರುವುದನ್ನು, ಜೋರಾಗಿ ಓಡುವುದನ್ನು ತಗ್ಗಿಸಿ ಸರ್ವ್, ಪಾಸ್ ಅಭ್ಯಾಸ ಮಾಡಬಹುದು. ನೋಯದಿದ್ದರೆ ಈಜಬಹುದು. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಐಸನ್ನು 10–15 ನಿಮಿಷ ಇಟ್ಟರೆ ಹಿತ. ಕುಂಟುವಷ್ಟು ನೋವು ಬಂದರೆ, ಅಥವಾ ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ, ಆಟ ಅತಿಯಾಗಿದೆ ಎಂದೇ ಅರ್ಥ.

ಸ್ನಾಯು ಸಡಿಲಿಸಲು ಗೋಡೆ ಹಿಡಿದು ನಿಂತು, ಒಂದು ಕಾಲನ್ನು ಹಿಂದಕ್ಕೆ ಮಡಿಸಿ, ಹಿಮ್ಮಡಿಯನ್ನು ಪೃಷ್ಠದತ್ತ ತಂದು 30 ಸೆಕೆಂಡ್ ಹಿಡಿಯಬೇಕು. ಮಂಡಿಗಳೆರಡೂ ಅಕ್ಕಪಕ್ಕ ಇರಬೇಕು, ಸೊಂಟ ಬಾಗಬಾರದು. ಎಳೆತ ತೊಡೆಯಲ್ಲಿ ತಿಳಿಯಬೇಕು. ಗಂಟೇ ನೋಯತೊಡಗಿದರೆ ಹಿಡಿತ ಸಡಿಲಿಸಬೇಕು. ತೊಡೆಯ ಹಿಂಭಾಗದ ಸ್ನಾಯುವಿಗೂ ಇಂಥದ್ದೇ ವ್ಯಾಯಾಮ ಬೇಕು.

ಬೆಳವಣಿಗೆ ನಿಂತು ಮೂಳೆ ಗಟ್ಟಿಯಾದಾಗ ನೋವು ಸಾಮಾನ್ಯವಾಗಿ ಹೋಗುತ್ತದೆ, ಗಂಟು ಉಳಿಯಬಹುದು. ಆದರೆ ಹಾರಿದ ಕೂಡಲೇ ತೀವ್ರ ನೋವು ಬಂದು ಕಾಲು ನೇರ ಮಾಡಲಾಗದಿದ್ದರೆ, ರಾತ್ರಿ ನಿದ್ದೆಗೆಡಿಸುವ ನೋವು ಅಥವಾ ಜ್ವರವಿದ್ದರೆ, ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಬೇಕು.