ದೀಪಾವಳಿ ಬ್ಯಾನರಿಗೊಂದು ಪ್ರಾಂಪ್ಟ್

ಸಿಹಿತಿಂಡಿ ಅಂಗಡಿಯ ದೀಪಾವಳಿ ಬ್ಯಾನರಿಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಚಿತ್ರ ಬರೆಸಲು ಕೊಡುವ ಲಿಖಿತ ವಿವರಣೆಯೇ ಪ್ರಾಂಪ್ಟ್. ‘ಸಾಂಪ್ರದಾಯಿಕ ಸಿಹಿತಿಂಡಿ, ಎಣ್ಣೆ ದೀಪ’ ಎಂದಷ್ಟೇ ಬರೆದರೆ ಹೆಚ್ಚಾಗಿ ಬರುವುದು ಬೆಳ್ಳಿ ಹಾಳೆ ಹೊದ್ದ ಬರ್ಫಿ, ಜಿಲೇಬಿ, ಲಾಡುಗಳ ರಾಶಿ. ಮೈಸೂರು ಪಾಕ್, ಧಾರವಾಡ ಪೇಢೆ ಮಾರುವ ಅಂಗಡಿಗೆ ಅದು ಹೊಂದುವುದಿಲ್ಲ; ಬ್ಯಾನರ್ ನೋಡಿ ಬಂದವರಿಗೆ ಅಲ್ಲಿ ಕಂಡ ತಿಂಡಿ ಅಂಗಡಿಯಲ್ಲಿ ಸಿಗಬೇಕಲ್ಲವೇ?

ಆದ್ದರಿಂದ ತಿಂಡಿಯ ಹೆಸರಿನ ಜೊತೆಗೆ ಅದು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನೂ ಬರೆಯಬೇಕು. ಗಟ್ಟಿ ಮೈಸೂರು ಪಾಕ್‌ಗೆ ಕುದಿಯುವ ತುಪ್ಪ ಸುರಿದಾಗ ಕಡಲೆ ಹಿಟ್ಟಿನ ಪಾಕ ನೊರೆಯೆದ್ದು ಉಬ್ಬುತ್ತದೆ, ತುಂಡಿನ ಬದಿಯಲ್ಲಿ ಸಣ್ಣ ತೂತುಗಳು ಉಳಿಯುತ್ತವೆ. ಆ ತೂತುಗಳನ್ನು ಹೇಳದಿದ್ದರೆ ಚಿತ್ರದಲ್ಲಿ ಬರೀ ಹಳದಿ ಬರ್ಫಿ ಮೂಡುತ್ತದೆ. ಅಂಗಡಿಯಲ್ಲಿ ಮಾರುವುದು ಮೆದುವಾದ ತುಪ್ಪದ ಮೈಸೂರು ಪಾಕ್ ಆದರೆ ತೂತು ಬೇಡ, ನುಣುಪಾದ ಮೈ ಎಂದು ಬರೆಯಬೇಕು. ಪೇಢೆಯಾದರೆ ಕಂದು ಬಣ್ಣ, ಒರಟು ಗುಂಡು, ಮೇಲೆ ಸಕ್ಕರೆಯ ಲೇಪ.

ದೀಪದ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಣತೆಯಲ್ಲಿ ಬತ್ತಿ ಎಣ್ಣೆಯಲ್ಲಿ ಮಲಗಿ, ತುದಿ ಮಾತ್ರ ಮೂತಿಯ ಮೇಲೆ ಉರಿಯುತ್ತದೆ. ತಂತ್ರಾಂಶವೋ ಮೇಣದ ಬತ್ತಿಯಂತೆ ನಡುವೆ ಜ್ವಾಲೆ ನಿಲ್ಲಿಸಿಬಿಡುತ್ತದೆ. ಬೆಳಕೆಲ್ಲ ದೀಪದಿಂದಲೇ ಬಂದರೆ ತಿಂಡಿಗಳೆಲ್ಲ ಒಂದೇ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ, ಮೇಲಿನಿಂದ ಮೆದುವಾದ ಬಿಳಿ ಬೆಳಕನ್ನೂ ಕೇಳುವುದು ಒಳ್ಳೆಯದು.

ಆರು ಅಡಿ ಅಗಲ, ಮೂರು ಅಡಿ ಎತ್ತರದ ಬ್ಯಾನರಿಗೆ ಪ್ರಾಂಪ್ಟ್ ಹೀಗಿರಬಹುದು: ‘ಅಗಲ ಎತ್ತರದ ಎರಡರಷ್ಟು. ಬಲಭಾಗದಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ಬದಿಯಲ್ಲಿ ಸಣ್ಣ ತೂತುಗಳಿರುವ, ಹೊಂಬಣ್ಣದ ಆಯತಾಕಾರದ ಮೈಸೂರು ಪಾಕ್ ತುಂಡುಗಳು, ಪಕ್ಕದಲ್ಲಿ ಸಕ್ಕರೆ ಲೇಪಿಸಿದ ಕಂದು ಪೇಢೆಗಳು. ಮುಂದೆ ಮೂರು ಮಣ್ಣಿನ ಹಣತೆ, ಬತ್ತಿಯ ಜ್ವಾಲೆ ಮೂತಿಯಲ್ಲಿ. ಮೇಲಿನಿಂದ ಮೆದುವಾದ ಬಿಳಿ ಬೆಳಕು. ಎಡ ಅರ್ಧ ಕಡುಗೆಂಪು, ಖಾಲಿ. ಅಕ್ಷರ ಬೇಡ, ಬೆಳ್ಳಿ ಹಾಳೆ ಬೇಡ.’

ಅಕ್ಷರ ಬೇಡವೆನ್ನಲು ಕಾರಣವಿದೆ. ಚಿತ್ರದೊಳಗೇ ಕನ್ನಡ ಬರೆಸಿದರೆ ಒತ್ತಕ್ಷರ, ಗುಣಿತಗಳು ಸುಲಭವಾಗಿ ಕೆಡುತ್ತವೆ. ಬೆಲೆಯ ಅಂಕಿ ತಪ್ಪಿದರೆ ಜಗಳವೇ. ಅಂಗಡಿಯ ಹೆಸರು, ರಿಯಾಯಿತಿ, ದಿನಾಂಕಗಳನ್ನು ಖಾಲಿ ಬಿಟ್ಟ ಎಡಭಾಗದಲ್ಲಿ ವಿನ್ಯಾಸಕಾರರು ಕನ್ನಡ ಫಾಂಟಿನಲ್ಲಿ ಟೈಪ್ ಮಾಡುವುದೇ ಸರಿ.

ಚಿತ್ರ ಬಂದ ಮೇಲೆ ತೂತು, ಮೂತಿ, ಖಾಲಿ ಜಾಗ ಈ ಮೂರನ್ನು ಮೊದಲು ನೋಡಬೇಕು. ತಪ್ಪಿದ್ದರೆ ಪ್ರಾಂಪ್ಟಿನಲ್ಲಿ ಒಂದು ಸಲಕ್ಕೆ ಒಂದೇ ಮಾತು ಬದಲಿಸಿದರೆ, ಯಾವ ಮಾತಿನಿಂದ ಏನು ಬದಲಾಯಿತೆಂದು ತಿಳಿಯುತ್ತದೆ. 2048 ಪಿಕ್ಸೆಲ್ ಅಗಲದ ಚಿತ್ರವನ್ನು ಆರು ಅಡಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 28 ಪಿಕ್ಸೆಲ್ ಮಾತ್ರ ಸಿಗುತ್ತದೆ, ಹತ್ತಿರದಿಂದ ಮಸುಕು ಕಾಣುತ್ತದೆ. ಹಾಗಾಗಿ ಮುದ್ರಣಕ್ಕೆ ಮೊದಲು ನಾಲ್ಕು ಪಟ್ಟು ದೊಡ್ಡದು ಮಾಡಿ, ಜ್ವಾಲೆ ಮತ್ತು ತುಂಡಿನ ಅಂಚುಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಬೇಕು.